ಒಂದು ಕೆಜಿ ಸಕ್ಕರೆಗೆ 1,782 ಲೀಟರ್ ನೀರು: ಈ ಅಂಕಿಯ ಬುಡ ಹುಡುಕಿದ್ದು ಹೀಗೆ

ಬೆಳಗಾವಿ, ಬಾಗಲಕೋಟೆ ಕಡೆ ಕಬ್ಬು ನುರಿಸುವ ಹಂಗಾಮು ಬಂತೆಂದರೆ ಪತ್ರಿಕೆಗಳಲ್ಲಿ ಒಂದು ಸಾಲು ಕಾಣಿಸುತ್ತದೆ: "ಒಂದು ಕೆಜಿ ಸಕ್ಕರೆಗೆ 1,782 ಲೀಟರ್ ನೀರು ಬೇಕು, ಅಧ್ಯಯನ ಹೇಳುತ್ತದೆ." ಯಾರ ಅಧ್ಯಯನ, ಯಾವ ವರ್ಷದ್ದು ಎಂಬುದು ಇರುವುದಿಲ್ಲ. ರೈತರಿಗಾಗಿ ಬರೆಯುತ್ತಿದ್ದ ಲೇಖನಕ್ಕೆ ಈ ಅಂಕಿ ಬೇಕಾದಾಗ ನಾನು ಅದರ ಮೂಲಕ್ಕೇ ಹೋದೆ.

"1782 litres" ಎಂದು ಹುಡುಕಿದರೆ ಒಂದನ್ನೊಂದು ನಕಲು ಮಾಡಿದ ಸುದ್ದಿಗಳೇ ಸಿಗುತ್ತವೆ. ಸಂಶೋಧಕರು ಲೀಟರಿನಲ್ಲಿ ಬರೆಯುವುದಿಲ್ಲ, ಟನ್ನಿಗೆ ಎಷ್ಟು ಘನ ಮೀಟರ್ ಎಂದು ಬರೆಯುತ್ತಾರೆ. ಘನ ಮೀಟರಿಗೆ ಸಾವಿರ ಲೀಟರ್, ಟನ್ನಿಗೆ ಸಾವಿರ ಕೆಜಿ. ಹಾಗಾಗಿ ಅಂಕಿ ಅದೇ, ಅಳತೆಯ ಹೆಸರು ಮಾತ್ರ ಬೇರೆ. ಲೀಟರ್ ಬಿಟ್ಟು ಹೀಗೆ ಹುಡುಕಬೇಕು:

```
"1782" "water footprint" "sugar cane" "m3"
```

ದಾರಿ ಹೋಗಿ ಮುಟ್ಟುವುದು ಮೆಕೊನೆನ್ ಮತ್ತು ಹೂಕ್‌ಸ್ಟ್ರಾ 2011ರಲ್ಲಿ 'ಹೈಡ್ರಾಲಜಿ ಅಂಡ್ ಅರ್ಥ್ ಸಿಸ್ಟಮ್ ಸೈನ್ಸಸ್' ಪತ್ರಿಕೆಯಲ್ಲಿ ಪ್ರಕಟಿಸಿದ ಪ್ರಬಂಧಕ್ಕೆ. ಓದಲು ದುಡ್ಡು ಕೊಡಬೇಕಿಲ್ಲ. ಸಾರಾಂಶ ಓದಿ ಸುಮ್ಮನಾದರೆ ಮಾತ್ರ ಕೆಲಸ ಕೆಡುತ್ತದೆ: ಅಲ್ಲಿರುವುದು ಸಕ್ಕರೆ ಬೆಳೆಗಳಿಗೆ ಟನ್ನಿಗೆ ಸುಮಾರು 200 ಘನ ಮೀಟರ್ ಎಂಬ ಮಾತು. ಅದು ಬೆಳೆಯ ಲೆಕ್ಕ, ಸಕ್ಕರೆಯದ್ದಲ್ಲ. 1,782 ಸಿಗುವುದು ಒಳಗಿನ ಕೋಷ್ಟಕದಲ್ಲಿ, ಕಬ್ಬಿನ ಕೆಳಗೆ ಸಂಸ್ಕರಿಸಿದ ಸಕ್ಕರೆಯ ಸಾಲಿನಲ್ಲಿ.

ಆ ಸಾಲನ್ನು ಅಡ್ಡಲಾಗಿ ಓದಿದರೆ ಸುದ್ದಿಯಲ್ಲಿ ಬಿಟ್ಟುಹೋದದ್ದು ತಿಳಿಯುತ್ತದೆ. ಹಸಿರು 1,184, ನೀಲಿ 487, ಬೂದು 111. ಹಸಿರೆಂದರೆ ಹೊಲದ ಮಣ್ಣಿನಲ್ಲಿ ನಿಂತು ಬೆಳೆ ಹೀರಿದ ಮಳೆ ನೀರು. ನೀಲಿಯೆಂದರೆ ಕಾಲುವೆ, ಬೋರ್‌ವೆಲ್‌ಗಳಿಂದ ಹಾಯಿಸಿದ ನೀರಿನಲ್ಲಿ ಬೆಳೆಗೆ ಖರ್ಚಾದದ್ದು. ಬೂದು ಯಾರೂ ಹಾಯಿಸಿದ ನೀರೇ ಅಲ್ಲ. ಸಾರಜನಕ ಗೊಬ್ಬರದಿಂದ ಆದ ಮಾಲಿನ್ಯವನ್ನು ತಿಳಿಗೊಳಿಸಲು ಎಷ್ಟು ನೀರು ಬೇಕಾದೀತು ಎಂಬ ಲೆಕ್ಕ. ಅಂದರೆ ಮೂರರಲ್ಲಿ ಎರಡು ಪಾಲು ಮಳೆಯದ್ದು. "ಸಕ್ಕರೆಗಾಗಿ 1,782 ಲೀಟರ್ ನೀರಾವರಿ ನೀರು" ಎಂದು ಬರೆದರೆ ತಪ್ಪು, ಆದರೆ ಸುದ್ದಿ ಓದಿದವರು ಹಾಗೆಯೇ ತಿಳಿಯುತ್ತಾರೆ.

ಕೋಷ್ಟಕದ ತಲೆಬರಹವನ್ನೂ ನೋಡಬೇಕು: 1996ರಿಂದ 2005ರವರೆಗಿನ ಜಾಗತಿಕ ಸರಾಸರಿ. ಅದೂ ಹೊಲದಲ್ಲಿ ಅಳೆದದ್ದಲ್ಲ, ಮಾದರಿಯಿಂದ ಲೆಕ್ಕ ಹಾಕಿದ್ದು. ಬ್ರೆಜಿಲ್‌ನ ಮಳೆಯಾಶ್ರಿತ ಕಬ್ಬೂ ಅದರಲ್ಲಿ ಸೇರಿದೆ. ಮಳೆ ಕಡಿಮೆ ಇರುವ ಮುಧೋಳ, ಜಮಖಂಡಿಯಲ್ಲಿ ಕಬ್ಬು ನಿಂತಿರುವುದೇ ಹಾಯಿಸಿದ ನೀರಿನ ಮೇಲೆ, ಆದ್ದರಿಂದ ಹಸಿರು–ನೀಲಿಯ ಈ ಪಾಲು ಇಲ್ಲಿಗೆ ಹೊಂದುವುದಿಲ್ಲ. ಸ್ಥಳೀಯ ಅಂಕಿ ಬೇಕಿದ್ದರೆ ಇದೇ ಲೇಖಕರ 2010ರ ಯುನೆಸ್ಕೋ-ಐಎಚ್‌ಇ ವರದಿ, ಸಂಖ್ಯೆ 47, ಅದರ ಅನುಬಂಧ ತೆರೆಯಬೇಕು. ಅಲ್ಲಿ ದೇಶವಾರು, ರಾಜ್ಯವಾರು ಸಾಲುಗಳಿವೆ.

ಕೆಲವು ಸುದ್ದಿಗಳಲ್ಲಿ 1,782ರ ಬದಲು 1,500 ಎಂದಿರುತ್ತದೆ. ಈ ಸಾಲಿನಲ್ಲಿ ಆ ಅಂಕಿಯಿಲ್ಲ, ಹಾಗಾಗಿ ಅದಕ್ಕೆ ಈ ಪ್ರಬಂಧದ ಹೆಸರು ಹಚ್ಚುವಂತಿಲ್ಲ. ಅದರ ಮೂಲ ಬೇರೆಯಾಗಿಯೇ ಹುಡುಕಬೇಕು.

ಕೊನೆಗೆ ಲೇಖನದಲ್ಲಿ ಬರೆದದ್ದು ಇಷ್ಟು: "ಮೆಕೊನೆನ್ ಮತ್ತು ಹೂಕ್‌ಸ್ಟ್ರಾ (2011) ಅವರ ಅಂದಾಜಿನಂತೆ, 1996–2005ರ ಜಾಗತಿಕ ಸರಾಸರಿಯಲ್ಲಿ ಒಂದು ಕೆಜಿ ಕಬ್ಬಿನ ಸಕ್ಕರೆಗೆ 1,782 ಲೀಟರ್, ಅದರಲ್ಲಿ ನೀರಾವರಿಯದ್ದು 487 ಲೀಟರ್."