ಮಾತಿನ ನಡುವಿನ ‘ಯಾರನ್ನ?’ ಬಿಡಿಸುವುದು ಹೇಗೆ

ಇಬ್ಬರು ಮಾತಾಡಿದ್ದನ್ನು ರೆಕಾರ್ಡ್ ಮಾಡಿ, ಬರೆದಿಟ್ಟು, ಸಾಲುಸಾಲಾಗಿ ಬಿಡಿಸುವ ಕೆಲಸಕ್ಕೆ ಸಂಭಾಷಣಾ ವಿಶ್ಲೇಷಣೆ ಎನ್ನುತ್ತಾರೆ. ಪ್ರಾಜೆಕ್ಟಿಗೆಂದು ಇದಕ್ಕೆ ಕೈಹಾಕುವವರು ಹೆಚ್ಚಾಗಿ ಎಡವುವುದು ಒಂದೇ ಕಡೆ. ಒಬ್ಬರು ‘ಏನು?’ ಅಥವಾ ‘ಯಾರನ್ನ?’ ಎಂದ ಕೂಡಲೇ ಪಕ್ಕದಲ್ಲಿ ‘ಕೇಳಿಸಲಿಲ್ಲ’ ಎಂದೋ ‘ಇಷ್ಟವಿಲ್ಲ’ ಎಂದೋ ಷರಾ ಬರೆದು ಮುಂದೆ ಹೋಗುತ್ತಾರೆ. ಷರಾ ಬರೆಯುವ ಮೊದಲು ನೋಡಬೇಕಾದದ್ದು ಬಹಳ ಇದೆ.

ಹಂತ 1: ರೆಕಾರ್ಡಿಂಗ್. ಮಾತಾಡುವವರ ಒಪ್ಪಿಗೆ ಪಡೆಯಿರಿ, ರೆಕಾರ್ಡರ್ ಇಟ್ಟು ಎದ್ದುಹೋಗಿ. ಕೆಲವು ರೆಕಾರ್ಡಿಂಗ್ ಆ್ಯಪ್‌ಗಳಲ್ಲಿ ಮೌನವನ್ನು ತಾನಾಗಿ ಕತ್ತರಿಸುವ ಸೌಲಭ್ಯವಿರುತ್ತದೆ. ಅದನ್ನು ಮೊದಲು ಆಫ್ ಮಾಡಿ. ಅಂಥ ಫೈಲಿನಲ್ಲಿ ಮಾತು ಉಳಿದಿರುತ್ತದೆ, ನಮಗೆ ಬೇಕಾದದ್ದೇ ಹೋಗಿರುತ್ತದೆ.

ಹಂತ 2: ಬರೆದುಕೊಳ್ಳುವುದು. ಈ ಕೆಲಸವನ್ನು ಬೇರೆಯವರಿಗೆ ಟೈಪ್ ಮಾಡಲು ಕೊಡಬೇಡಿ. ಟೈಪಿಸ್ಟ್ ಒಳ್ಳೆಯವರಾದಷ್ಟೂ ಅಪಾಯ ಹೆಚ್ಚು: ತೊದಲನ್ನು ಅಳಿಸಿ, ಅರ್ಧ ಪದವನ್ನು ಪೂರ್ತಿ ಮಾಡಿ, ಗ್ರಂಥಸ್ಥ ಕನ್ನಡಕ್ಕೆ ತಿರುಗಿಸಿ ಕೊಡುತ್ತಾರೆ. ಕಿವಿಗೆ ಬಿದ್ದದ್ದನ್ನು ಬಿದ್ದ ಹಾಗೆಯೇ ಬರೆಯಬೇಕು. ಗುರುತುಗಳನ್ನು ಹೊಸದಾಗಿ ಕಂಡುಹಿಡಿಯುವುದೂ ಬೇಡ; ಗೇಲ್ ಜೆಫರ್ಸನ್ ರೂಪಿಸಿದ ಪದ್ಧತಿಯನ್ನೇ ಈ ಕ್ಷೇತ್ರದ ಹೆಚ್ಚಿನವರು ಬಳಸುತ್ತಾರೆ. ಆವರಣದೊಳಗಿನ ಅಂಕಿ ಎಂದರೆ ಅಷ್ಟು ಸೆಕೆಂಡಿನ ಮೌನ, ಪದದ ಕೊನೆಯ ಅಡ್ಡಗೆರೆ ಎಂದರೆ ಮಾತು ಅಲ್ಲಿ ತುಂಡಾಗಿದೆ. ಶುರುವಿಗೆ ಇಷ್ಟು ಸಾಕು.

ಮೌನವನ್ನು ಅಂದಾಜಿನಲ್ಲಿ ಅಳೆಯಬೇಡಿ. ಪ್ರಾಟ್ ಎಂಬ ಉಚಿತ ತಂತ್ರಾಂಶದಲ್ಲಿ ಫೈಲ್ ತೆರೆದರೆ ಧ್ವನಿಯ ಅಲೆ ಕಣ್ಣಿಗೆ ಕಾಣುತ್ತದೆ. ಹಿಂದಿನ ಮಾತಿನ ಸದ್ದು ಮುಗಿದಲ್ಲಿಂದ ಮುಂದಿನ ಸದ್ದಿನವರೆಗೆ ಗುರುತು ಹಾಕಿ, ಒಂದು ದಶಮಾಂಶದವರೆಗೆ ಬರೆದುಕೊಳ್ಳಿ. ಉಸಿರೆಳೆದದ್ದು ಕೇಳಿಸಿದರೆ ಅದು ಮೌನವಲ್ಲ, ಬೇರೆಯಾಗಿ ಬರೆಯಿರಿ.

ಹಂತ 3: ಸರದಿ ಮತ್ತು ಜೋಡಿ ಗುರುತಿಸುವುದು. ಕೆಳಗಿನ ಫೋನ್ ಮಾತನ್ನು ನೋಡಿ. ವಿವರಣೆಗೆಂದು ನಾನೇ ಕಟ್ಟಿದ್ದು ಇದು. ನಿಮ್ಮ ಪ್ರಾಜೆಕ್ಟಿನಲ್ಲಿ ಕಟ್ಟಿದ ಮಾತು ನಡೆಯುವುದಿಲ್ಲ.

1 ಅಕ್ಕ: ನಾಳೆ ಬೆಳಿಗ್ಗೆ ಅವ್ರನ್ನ ಕರ್ಕೊಂಡ್ ಬರ್ತೀಯಾ
2 (0.7)
3 ತಮ್ಮ: ಯಾರನ್ನ
4 ಅಕ್ಕ: ಚಿಕ್ಕಮ್ಮನ್ನ
5 ತಮ್ಮ: ಓ (0.4) ನಾಳೆ ಆಗ- ನಾಡಿದ್ದಾದ್ರೆ ಆಗತ್ತೆ ನಂಗೆ

ಸರದಿಯ ನಿಯಮವನ್ನು ಹಾರ್ವಿ ಸ್ಯಾಕ್ಸ್, ಇಮ್ಯಾನುಯೆಲ್ ಶೆಗ್ಲಾಫ್ ಮತ್ತು ಜೆಫರ್ಸನ್ 1974ರ ಲೇಖನದಲ್ಲಿ ವಿವರಿಸಿದರು. ಮಾತು ಮುಗಿಯಬಹುದಾದ ಜಾಗ ಬಂದಾಗ, ಆಡುತ್ತಿದ್ದವರು ಯಾರನ್ನಾದರೂ ಆರಿಸಿದ್ದರೆ ಸರದಿ ಅವರದು. ಆರಿಸಿಲ್ಲದಿದ್ದರೆ ಮೊದಲು ಬಾಯಿ ತೆರೆದವರದು. ಯಾರೂ ತೆರೆಯದಿದ್ದರೆ ಆಡುತ್ತಿದ್ದವರೇ ಮುಂದುವರಿಸಬಹುದು. ಇಲ್ಲಿ ‘ಬರ್ತೀಯಾ’ ಎಂಬುದರಲ್ಲೇ ತಮ್ಮನ ಆಯ್ಕೆ ಆಗಿಹೋಗಿದೆ. ಹಾಗಾಗಿ ಎರಡನೆಯ ಸಾಲಿನ ಮೌನ ಇಬ್ಬರದಲ್ಲ, ಅವನದು.

ಒಂದನೆಯ ಸಾಲು ಕೋರಿಕೆ. ಕೋರಿಕೆಗೆ ಒಪ್ಪಿಗೆಯೋ ನಿರಾಕರಣೆಯೋ ಬರಬೇಕು. ಹೀಗೆ ಒಂದು ಬಂದರೆ ಇನ್ನೊಂದನ್ನು ಕಾಯುವಂತೆ ಮಾಡುವ ಎರಡು ಮಾತುಗಳೇ ಜೋಡಿ. ಜೋಡಿಯ ಎರಡನೆಯ ಭಾಗ ತಕ್ಷಣ ಪಕ್ಕದಲ್ಲೇ ಇರುತ್ತದೆ ಎಂದು ತಿಳಿದು, ಮೂರನೆಯ ಸಾಲನ್ನೇ ಕೋರಿಕೆಗೆ ಉತ್ತರ ಎಂದು ಬರೆಯುವವರಿದ್ದಾರೆ. ಉತ್ತರ ಇರುವುದು ಐದರಲ್ಲಿ. ಮೂರು ಮತ್ತು ನಾಲ್ಕು ನಡುವೆ ತೂರಿಕೊಂಡ ಇನ್ನೊಂದು ಜೋಡಿ. ಅದು ಮುಗಿದ ಮೇಲೆ ತಮ್ಮ ತಾನಾಗಿ ಹಳೆಯ ಬಾಕಿಗೆ ಮರಳುತ್ತಾನೆ. ಅಕ್ಕ ಕೋರಿಕೆಯನ್ನು ಮತ್ತೆ ಹೇಳಬೇಕಾಗಿ ಬರುವುದಿಲ್ಲ.

ಹಂತ 4: ರಿಪೇರಿಯನ್ನು ಬಿಡಿಸುವುದು. ಮಾತಿನಲ್ಲಿ ತೊಡಕಾದಾಗ ಅದನ್ನು ಗುರುತಿಸಿ ಸರಿಪಡಿಸಿಕೊಳ್ಳುವುದೇ ರಿಪೇರಿ. ಇಲ್ಲಿ ಆತುರ ಬೇಡ. ಐದು ಹಂತಗಳಿಗೆ ಇರುವ ಸಮಯದಲ್ಲಿ ಮುಕ್ಕಾಲು ಪಾಲು ಇದಕ್ಕೇ ಇಡಿ.

ಮೊದಲು ತೊಡಕು ಎಲ್ಲಿದೆ ಎಂದು ಹುಡುಕಿ. ‘ಯಾರನ್ನ’ ಎಂಬುದು ಬೆರಳಿಟ್ಟಿರುವುದು ‘ಅವ್ರನ್ನ’ ಎಂಬ ಪದದ ಮೇಲೆ. ತಮ್ಮ ಬರೀ ‘ಯಾರು’ ಎನ್ನಲಿಲ್ಲ, ವಿಭಕ್ತಿ ಸಮೇತ ಕೇಳಿದ. ಅಂದರೆ ಯಾರನ್ನೋ ಕರೆತರಬೇಕು ಎಂಬಷ್ಟು ಅವನಿಗೆ ದಕ್ಕಿದೆ, ವ್ಯಕ್ತಿ ಮಾತ್ರ ದಕ್ಕಿಲ್ಲ. ಅವನು ‘ಆಂ?’ ಎಂದಿದ್ದರೆ ಇದು ಯಾವುದೂ ತಿಳಿಯುತ್ತಿರಲಿಲ್ಲ. ತೊಡಕು ಎಲ್ಲಿ ಬೇಕಾದರೂ ಇರಬಹುದಿತ್ತು. ‘ಚಿಕ್ಕಮ್ಮನ್ನಾ?’ ಎಂದಿದ್ದರೆ ತಾನೇ ಊಹಿಸಿ, ಹೌದೆನ್ನುವುದನ್ನಷ್ಟೇ ಕೇಳಿದಂತಾಗುತ್ತಿತ್ತು. ಈ ಮೂರನ್ನೂ ‘ಪ್ರಶ್ನೆ’ ಎಂಬ ಒಂದೇ ಹೆಸರಿನಡಿ ಹಾಕಬೇಡಿ.

ಆಮೇಲೆ ಮುಂದಿನ ಸಾಲಿಗೆ ಹೋಗಿ. ತಮ್ಮನ ಮನಸ್ಸಿನಲ್ಲಿ ಏನಿತ್ತೋ ನಮಗೆ ಕಾಣದು. ಅಕ್ಕ ಅದನ್ನು ಹೇಗೆ ತೆಗೆದುಕೊಂಡಳು ಎಂಬುದು ನಾಲ್ಕನೆಯ ಸಾಲಿನಲ್ಲಿ ಕಾಣುತ್ತದೆ. ಅವಳು ಇಡೀ ವಾಕ್ಯವನ್ನು ಜೋರಾಗಿ ಮತ್ತೆ ಹೇಳಿದ್ದರೆ, ಕೇಳಿಸಲಿಲ್ಲ ಎಂದುಕೊಂಡಳು ಎನ್ನಬಹುದಿತ್ತು. ‘ಕೆಲಸ ಇದ್ರೆ ಬೇಡ ಬಿಡು’ ಎಂದಿದ್ದರೆ, ಅವನ ಹಿಂಜರಿಕೆ ಎಂದುಕೊಂಡಳು ಎನ್ನಬಹುದಿತ್ತು. ಅವಳು ಒಂದು ಪದವನ್ನು ಮಾತ್ರ ಬದಲಿಸಿ ಕೊಟ್ಟಳು. ಷರಾ ಬರೆಯಬೇಕಾದದ್ದು ಈ ಆಧಾರದ ಮೇಲೆ. ಅವಳು ತೆಗೆದುಕೊಂಡದ್ದು ತಪ್ಪಾಗಿದ್ದರೆ ತಮ್ಮ ಐದನೆಯ ಸಾಲಿನಲ್ಲಿ ತಿದ್ದಬಹುದಿತ್ತು. ‘ಓ’ ಎಂದು ಒಪ್ಪಿಕೊಂಡು ಮುಂದೆ ಹೋದ.

ಇನ್ನು ಆ 0.7 ಸೆಕೆಂಡ್. 2009ರಲ್ಲಿ ಪ್ರಕಟವಾದ, ಹತ್ತು ಭಾಷೆಗಳ ಹೌದು-ಅಲ್ಲ ಪ್ರಶ್ನೆಗಳನ್ನು ಹೋಲಿಸಿದ ಅಧ್ಯಯನದಲ್ಲಿ, ಉತ್ತರಕ್ಕೆ ಮುಂಚಿನ ಬಿಡುವು ಸರಾಸರಿ 0.2 ಸೆಕೆಂಡಿನ ಆಸುಪಾಸಿನಲ್ಲಿತ್ತು. ಅದನ್ನು ಓದಿದವರಿಗೆ ಇಲ್ಲಿನ ಮೌನ ದೊಡ್ಡದಾಗಿ ಕಂಡು, ‘ನಿರಾಕರಣೆಯ ಸೂಚನೆ’ ಎಂದು ಬರೆದುಬಿಡುವ ಆಸೆ ಹುಟ್ಟುತ್ತದೆ. ಐದನೆಯ ಸಾಲು ಆ ಆಸೆಗೆ ಇನ್ನಷ್ಟು ನೀರೆರೆಯುತ್ತದೆ. ಆದರೆ ಶೆಗ್ಲಾಫ್, ಜೆಫರ್ಸನ್ ಮತ್ತು ಸ್ಯಾಕ್ಸ್ 1977ರಲ್ಲಿ ತೋರಿಸಿದ ಇನ್ನೊಂದು ವಿಷಯವಿದೆ: ತೊಡಕಾದಾಗ ಕೇಳುವವರು ಸ್ವಲ್ಪ ತಡೆದು, ಹೇಳಿದವರೇ ಸರಿಪಡಿಸಿಕೊಳ್ಳಲು ಅವಕಾಶ ಕೊಡುತ್ತಾರೆ. ‘ಏನು’, ‘ಯಾರು’ಗಳ ಮುಂಚೆ ಹೀಗೆ ತಡವಾಗುವುದು ಮಾಮೂಲು. ಹಾಗಾಗಿ ಈ ಮೌನ ಎರಡಕ್ಕೂ ಹೊಂದುತ್ತದೆ, ಇದೊಂದನ್ನೇ ಹಿಡಿದು ತೀರ್ಪು ಕೊಡಲಾಗದು. ನಿರಾಕರಣೆಗೆ ಗಟ್ಟಿ ಆಧಾರ ಬೇಕಿದ್ದರೆ ಐದನೆಯ ಸಾಲಿನಲ್ಲೇ ಇದೆ: ಮತ್ತೊಮ್ಮೆ ತಡ, ತುಂಡಾದ ಪದ, ಪರ್ಯಾಯ ದಿನ. ‘ನಾಡಿದ್ದಾದ್ರೆ’ ಎಂಬುದೇ ನಾಳೆಯನ್ನು ತಳ್ಳಿಹಾಕುತ್ತದೆ, ‘ಇಲ್ಲ’ ಎಂಬ ಪದ ಬಾಯಿಗೆ ಬರದೆಯೇ.

ಅದೇ ಸಾಲಿನ ‘ಆಗ-’ ಕೂಡ ರಿಪೇರಿಯೇ. ಈ ಸಲ ತೊಡಕು, ತಡೆ, ತಿದ್ದುಪಡಿ ಮೂರೂ ಒಬ್ಬನ ಒಂದೇ ಸರದಿಯೊಳಗೆ ನಡೆದಿವೆ. ಸಾಮಾನ್ಯ ಮಾತಿನಲ್ಲಿ ಅತಿ ಹೆಚ್ಚು ಕಾಣಸಿಗುವ ರಿಪೇರಿ ಇಂಥದ್ದೇ. ಇದನ್ನು ‘ಆಗಲ್ಲ’ ಎಂದು ಪೂರ್ತಿ ಮಾಡಿಕೊಂಡು ಓದಬೇಡಿ. ‘ಆಗತ್ತೆ’ಯೂ ಆಗಬಹುದಿತ್ತು, ‘ಆಗುತ್ತೇನೋ’ ಕೂಡ ಆಗಬಹುದಿತ್ತು. ಕಡಿದ ಪದ ಕಡಿದ ಪದವಾಗಿಯೇ ಇರಲಿ.

ಹಂತ 5: ಇಂಥದ್ದೇ ತುಣುಕುಗಳನ್ನು ಸಂಗ್ರಹಿಸಿ, ಪ್ರತಿಯೊಂದರಲ್ಲೂ ಮುಂದಿನ ಸಾಲನ್ನೇ ಕೇಳಿ. ‘ಯಾರನ್ನ’ ಬಂದರೂ ಹೆಸರು ಬಾರದೆ ‘ಇನ್ಯಾರನ್ನ!’ ಎಂಬಂಥ ಉತ್ತರ ಬಂದ ತುಣುಕು ಸಿಕ್ಕರೆ ಅದನ್ನು ಪಟ್ಟಿಯಿಂದ ಕಿತ್ತುಹಾಕಬೇಡಿ. ಕೇಳಿದವರಿಗೆ ಗೊತ್ತಿರಲೇಬೇಕಿತ್ತು ಎಂಬ ದೂರು ಅಲ್ಲಿ ಮೇಲೆದ್ದಿದೆ. ಕೇಳಿದರೆ ಹೆಸರು ಬರಬೇಕು ಎಂಬ ನಿರೀಕ್ಷೆ ಇಬ್ಬರಿಗೂ ಇತ್ತೋ ಇಲ್ಲವೋ ಎಂಬುದನ್ನು, ಆಮೇಲೆ ಕೇಳಿದವರು ಮತ್ತೆ ಕೇಳಿದರೋ ಸುಮ್ಮನಾದರೋ ಎಂಬುದರಲ್ಲಿ ನೋಡಿ.