ದೀಪದ ಹಿಂದೆ ಅಡಗಿದ ‘ರ’: ಲೋಗೊದ ಮುಚ್ಚಿದ ಅಕ್ಷರವನ್ನು ಮತ್ತೆ ಕಟ್ಟುವುದು ಹೇಗೆ?

ಮುಂಬೈಯ ಮಾಟುಂಗದ ಕಡೆಯ ಒಂದು ಹವ್ಯಾಸಿ ಕನ್ನಡ ನಾಟಕ ತಂಡದ ಲೋಗೊದಲ್ಲಿ ‘ರಂಗ’ ಎಂಬ ಒಂದೇ ಪದವಿದೆ. ಚಪ್ಪಟೆ ಬ್ರಷ್‌ನಿಂದ ಕೈಯಲ್ಲೇ ಬರೆದದ್ದು. ‘ರ’ದ ತಲೆಕಟ್ಟಿನ ಕೆಳಗಿನ ಗುಂಡು ಭಾಗದ ಮೇಲೆ, ಬಲಗಡೆ, ಒಂದು ದೀಪ ಬಿಡಿಸಿದ್ದಾರೆ. ದೀಪ ಎದ್ದು ಕಾಣಲಿ ಅಂತ ಸುತ್ತಲೂ ಬಿಳಿ ಅಂಚು ಬಿಟ್ಟಿದ್ದಾರೆ. ಹಾಗಾಗಿ ಅಷ್ಟು ಜಾಗದಲ್ಲಿ ಅಕ್ಷರವೇ ಇಲ್ಲ. ಈಗ ತಂಡಕ್ಕೆ ವೇದಿಕೆಯ ಹಿಂದೆ ನಿಲ್ಲಿಸಲು ಸನ್‌ಬೋರ್ಡ್ ಎಂಬ ಹಗುರ ಫೋಮ್ ಹಲಗೆಯಲ್ಲಿ ಕತ್ತರಿಸಿದ, ದೀಪವಿಲ್ಲದ ‘ರಂಗ’ ಬೇಕು. ಮೂಲ ಚಿತ್ರ ಕಳೆದುಹೋಗಿದೆ. ಕೈಯಲ್ಲಿರುವುದು ಒಂದು ಹಳೆಯ ಲೆಟರ್‌ಹೆಡ್ ಮಾತ್ರ.

ಇಂಥ ಕೆಲಸ ಬಂದಾಗ ಹೆಚ್ಚಿನವರು ಎಡಭಾಗವನ್ನು ನಕಲು ಮಾಡಿ, ಕನ್ನಡಿಯಲ್ಲಿ ಕಂಡಂತೆ ಬಲಕ್ಕೆ ತಿರುಗಿಸಿ ಅಂಟಿಸುತ್ತಾರೆ. ಗುಂಡು ಗುಂಡೇ ಅಲ್ವಾ ಎಂಬ ಲೆಕ್ಕ. ಬ್ರಷ್‌ನಿಂದ ಬರೆದ ಅಕ್ಷರಕ್ಕೆ ಈ ಲೆಕ್ಕ ನಡೆಯುವುದಿಲ್ಲ. ಅದಕ್ಕೆ ಬೇಕಾದ ಸಮತೆ, ಅಂದರೆ ಒಂದು ಭಾಗ ಇನ್ನೊಂದಕ್ಕೆ ಹೊಂದುವ ರೀತಿ, ಬೇರೆಯೇ ಇದೆ. ಅದನ್ನು ಹುಡುಕುವ ದಾರಿಯನ್ನು ಇಲ್ಲಿ ಒಂದೊಂದಾಗಿ ನೋಡೋಣ.

ಮೊದಲು ಕಾಣುವುದನ್ನು ಮಾತ್ರ ಗುರುತಿಸಿ

ಲೆಟರ್‌ಹೆಡ್ಡನ್ನು 600 ಡಿಪಿಐನಲ್ಲಿ ಸ್ಕ್ಯಾನ್ ಮಾಡಿ. ನಮ್ಮ ‘ರ’ದ ಉಂಗುರ ಕಾಗದದ ಮೇಲೆ 18 ಮಿಲಿಮೀಟರ್ ಅಗಲ ಇತ್ತು. ಅಂದರೆ ಸ್ಕ್ಯಾನ್‌ನಲ್ಲಿ ಸುಮಾರು 425 ಪಿಕ್ಸೆಲ್. ಇಷ್ಟಿದ್ದರೆ ಅಂಚು ಸ್ಪಷ್ಟವಾಗಿ ಸಿಗುತ್ತದೆ. ಇಂಕ್‌ಸ್ಕೇಪ್ ಉಚಿತವಾಗಿ ಸಿಗುವ ತಂತ್ರಾಂಶ, ಈ ಕೆಲಸಕ್ಕೆ ಅದೇ ಸಾಕು. ಚಿತ್ರವನ್ನು ಅದರೊಳಗೆ ತಂದು, ಹತ್ತು ಪಟ್ಟು ದೊಡ್ಡದು ಮಾಡಿ, ಸ್ವಲ್ಪ ಮಸುಕಾಗಿಸಿ, ಆ ಲೇಯರನ್ನು ಲಾಕ್ ಮಾಡಿ. ಈಗ ಉಂಗುರದ ಅಗಲ 180 ಮಿಲಿಮೀಟರ್. ಇಲ್ಲಿಂದ ಮುಂದೆ ಹೇಳುವ ಅಳತೆಗಳೆಲ್ಲ ಈ ದೊಡ್ಡ ಚಿತ್ರದವು.

ಇನ್ನೊಂದು ಲೇಯರ್‌ನಲ್ಲಿ ಕಾಣುವ ಅಂಚುಗಳ ಮೇಲೆ ಗೆರೆ ಎಳೆಯಿರಿ. ಹೊರಗಿನ ಅಂಚು ಬೇರೆ, ಒಳಗಿನ ಅಂಚು ಬೇರೆ. ಎರಡನ್ನೂ ಬಿಳಿ ಅಂಚು ಶುರುವಾಗುವ ಮೊದಲೇ ನಿಲ್ಲಿಸಿ. ಬಿಳಿ ಅಂಚಿಗೆ ತಾಗಿದಲ್ಲಿ ಅಕ್ಷರಕ್ಕೆ ಒಂದು ಚೂಪು ತುದಿ ಇದ್ದಂತೆ ಕಾಣುತ್ತದೆ. ಅದು ಅಕ್ಷರದ ತುದಿ ಅಲ್ಲ, ದೀಪದ ಆಕಾರ ಕತ್ತರಿಸಿದ ಗುರುತು. ಅದನ್ನು ಸೇರಿಸಿಕೊಂಡರೆ ಮುಂದಿನ ಬಾಗು ಅಲ್ಲಿಂದಲೇ ದಾರಿ ತಪ್ಪುತ್ತದೆ.

ಜಾಗ ಹೇಳಲು ಸುಲಭವಾಗಲಿ ಅಂತ ಉಂಗುರವನ್ನು ಗಡಿಯಾರದ ಮುಖ ಅಂದುಕೊಳ್ಳೋಣ. ನಮ್ಮ ‘ರ’ದಲ್ಲಿ 3 ಗಂಟೆ ದಾಟಿದ ಕೂಡಲೇ ಗೆರೆ ಮರೆಯಾಗುತ್ತದೆ. 5 ಗಂಟೆಯ ಹತ್ತಿರ ಮತ್ತೆ ಕಾಣುತ್ತದೆ. 12ರ ಹತ್ತಿರ ತಲೆಕಟ್ಟು ಕೂಡಿಕೊಂಡಿರುವುದರಿಂದ ಅಲ್ಲಿನ ಅಂಚನ್ನೂ ನಂಬುವಂತಿಲ್ಲ.

ದಪ್ಪ ಏನು ಹೇಳುತ್ತದೆ?

ಈಗ ಕಾಣುವ ಜಾಗಗಳಲ್ಲಿ ಗೆರೆಯ ದಪ್ಪ ಅಳೆಯಿರಿ. ಇಲ್ಲಿ ಅವಸರ ಬೇಡ, ಇಡೀ ಕೆಲಸ ನಿಂತಿರುವುದೇ ಇದರ ಮೇಲೆ. ನಮಗೆ ಸಿಕ್ಕ ಅಳತೆಗಳು ಹೀಗಿದ್ದವು: 2 ಗಂಟೆಯಲ್ಲಿ 36 ಮಿಲಿಮೀಟರ್, 8ರಲ್ಲಿ 35. 1ರಲ್ಲಿ 31, ಅದರ ಎದುರಿನ 7ರಲ್ಲೂ 31. ಆದರೆ 10ರಲ್ಲಿ ಬರೀ 20. 11ರಲ್ಲಂತೂ 8ಕ್ಕೆ ಇಳಿದಿತ್ತು.

2 ಗಂಟೆಗೂ 10 ಗಂಟೆಗೂ ಹೋಲಿಸಿ ನೋಡಿ. ಉಂಗುರಕ್ಕೆ ಎಡಬಲದ ಕನ್ನಡಿ ಸಮತೆ ಇದ್ದಿದ್ದರೆ ಇವೆರಡೂ ಒಂದೇ ಇರಬೇಕಿತ್ತು. ಒಂದು 36, ಇನ್ನೊಂದು 20. ಅಲ್ಲಿಗೆ ಕನ್ನಡಿಯ ಮಾತು ಮುಗಿಯಿತು. ಆದರೆ ಎದುರುಬದುರು ಇರುವ 1–7 ಮತ್ತು 2–8 ಜೋಡಿಗಳು ಹೆಚ್ಚುಕಡಿಮೆ ಸರಿಯಾಗಿ ಹೊಂದುತ್ತವೆ. ಅಂದರೆ ಈ ಉಂಗುರವನ್ನು ಅದರ ನಡುಬಿಂದುವಿನ ಸುತ್ತ ಅರ್ಧ ಸುತ್ತು, 180 ಡಿಗ್ರಿ, ತಿರುಗಿಸಿದರೆ ತನ್ನ ಮೇಲೆಯೇ ಕೂರುತ್ತದೆ.

ಕಾರಣ ಬ್ರಷ್‌ನಲ್ಲಿದೆ. ಚಪ್ಪಟೆ ಬ್ರಷ್ಷನ್ನು ಬರೆಯುವವರು ಒಂದೇ ಓರೆಯಲ್ಲಿ ಹಿಡಿದಿರುತ್ತಾರೆ. ಬ್ರಷ್‌ನ ಬಾಯಿಗೆ ಅಡ್ಡವಾಗಿ ಕೈ ಹೋದಾಗ ಗೆರೆ ದಪ್ಪ, ಅದರ ಉದ್ದಕ್ಕೇ ಹೋದಾಗ ಸಣ್ಣ. ಉಂಗುರದ ಎದುರುಬದುರು ಜಾಗಗಳಲ್ಲಿ ಕೈ ಹೋಗುವ ಓರೆ ಒಂದೇ, ದಿಕ್ಕು ಮಾತ್ರ ಉಲ್ಟಾ. ಅದಕ್ಕೇ ದಪ್ಪವೂ ಒಂದೇ ಬರುತ್ತದೆ. ಎಡಬಲದಲ್ಲಿ ಹಾಗಲ್ಲ, ಓರೆಯೇ ಬದಲಾಗುತ್ತದೆ.

ಹಾಗಾದರೆ ದೀಪದ ಹಿಂದಿನ 4 ಗಂಟೆಯಲ್ಲಿ ದಪ್ಪ ಎಷ್ಟಿರಬೇಕು? ಎದುರಿನ 10 ಗಂಟೆಯಷ್ಟು, ಅಂದರೆ 20. ಕನ್ನಡಿ ವಿಧಾನದಲ್ಲಿ 8 ಗಂಟೆಯ 35 ಅಲ್ಲಿಗೆ ಬಂದು ಕೂತಿರುತ್ತಿತ್ತು. ಹತ್ತಿರ ಹತ್ತಿರ ಎರಡು ಪಟ್ಟು! ಅಕ್ಷರದ ಬಲಗಾಲು ಊದಿಕೊಂಡಂತೆ ಕಾಣುತ್ತಿತ್ತು.

ಇದಕ್ಕೆ ಸಾಕ್ಷಿ ಅದೇ ಲೋಗೊದಲ್ಲಿದೆ. ‘ರಂಗ’ದ ಸೊನ್ನೆ ಪೂರ್ತಿ ಕಾಣುತ್ತದೆ, ಬರೆದದ್ದೂ ಅದೇ ಬ್ರಷ್‌ನಲ್ಲಿ. ಅದರ 4 ಗಂಟೆ ಮತ್ತು 10 ಗಂಟೆಯ ದಪ್ಪ ಅಳೆದರೆ ಎರಡೂ 20ರ ಆಸುಪಾಸಿನಲ್ಲೇ ಇದ್ದವು. ಆದರೆ ಸೊನ್ನೆಯನ್ನೇ ದೊಡ್ಡದು ಮಾಡಿ ‘ರ’ಕ್ಕೆ ತುಂಬಲು ಹೋಗಬೇಡಿ. ಸೊನ್ನೆಯ ಅಗಲ 90. ಅದನ್ನು 180ಕ್ಕೆ ಹಿಗ್ಗಿಸಿದರೆ ಗೆರೆಯ ದಪ್ಪವೂ ಎರಡು ಪಟ್ಟಾಗುತ್ತದೆ. ಅಕ್ಷರ ದೊಡ್ಡದಾದರೂ ಬ್ರಷ್ ದೊಡ್ಡದಾಗಿರಲಿಲ್ಲ. ಸೊನ್ನೆಯಿಂದ ಅಳತೆ ತೆಗೆದುಕೊಳ್ಳಿ, ಆಕಾರ ಬೇಡ.

ನಡುಬಿಂದು ಹುಡುಕುವುದು

ಅರ್ಧ ಸುತ್ತು ತಿರುಗಿಸಲು ನಡುಬಿಂದು ಬೇಕು. ಶಾಲೆಯಲ್ಲಿ ಕಲಿತ ವೃತ್ತಕೇಂದ್ರದ ವಿಧಾನ ಇಲ್ಲಿ ಬೇಡ, ಯಾಕೆಂದರೆ ಕೈಯಲ್ಲಿ ಬರೆದ ಉಂಗುರ ಪಕ್ಕಾ ವೃತ್ತವಲ್ಲ. ಉಂಗುರ ವೃತ್ತವಾಗಿರಲಿ, ದೀರ್ಘವೃತ್ತದಂತೆ ಚಪ್ಪಟೆಯಾಗಿರಲಿ, ಅರ್ಧ ಸುತ್ತಿನ ಸಮತೆ ಇದ್ದರೆ ಸಾಕು ಎನ್ನುವ ಇನ್ನೊಂದು ದಾರಿ ಇದೆ.

ರೂಲರ್‌ನಿಂದ ಒಂದು ಗೈಡ್ ಗೆರೆ ಎಳೆದು, ಅದರ ಮೇಲೆ ಎರಡು ಸಲ ಕ್ಲಿಕ್ ಮಾಡಿ ಕೋನ ಕೊಡಿ. ಗೆರೆ ಬಲಕ್ಕೆ 30 ಡಿಗ್ರಿ ಇಳಿಯುವಂತಿರಲಿ. ಅದನ್ನು 1 ಗಂಟೆಯ ಬಳಿ ಹೊರ ಅಂಚಿಗೆ ಮೆಲ್ಲಗೆ ತಾಗಿಸಿ, ಒಳಗೆ ನುಗ್ಗಬಾರದು. ಅದೇ ಕೋನದ ಇನ್ನೊಂದು ಗೆರೆಯನ್ನು 7 ಗಂಟೆಯ ಬಳಿ ತಾಗಿಸಿ. ಈ ಎರಡು ಸಮಾನಾಂತರ ಗೆರೆಗಳ ಸರಿ ಮಧ್ಯದಲ್ಲಿ ಮೂರನೆಯದನ್ನು ಇಡಿ. ಉಂಗುರದ ನಡುಬಿಂದು ಈ ನಡುಗೆರೆಯ ಮೇಲೆ ಎಲ್ಲೋ ಇರಲೇಬೇಕು.

ಈಗ ಬೇರೆ ಕೋನದಲ್ಲಿ ಇದನ್ನೇ ಮಾಡಿ. ನಮಗೆ 3 ಗಂಟೆಗೆ ಸ್ವಲ್ಪ ಮುಂಚಿನ ಜಾಗ, ಅದರ ಎದುರು 9ಕ್ಕೆ ಸ್ವಲ್ಪ ಮುಂಚಿನ ಜಾಗ ಸ್ಪಷ್ಟವಾಗಿದ್ದವು. ಗೆರೆಗಳನ್ನು ಅಲ್ಲಿಗೆ, ಹೆಚ್ಚುಕಡಿಮೆ ನೆಟ್ಟಗೆ ನಿಲ್ಲಿಸಿ ತಾಗಿಸಿದರೆ ಎರಡನೆಯ ನಡುಗೆರೆ ಸಿಗುತ್ತದೆ. ಎರಡು ನಡುಗೆರೆಗಳು ಕೂಡುವ ಜಾಗವೇ ನಡುಬಿಂದು. ಎರಡು ಜೋಡಿಗಳ ಕೋನ ತೀರಾ ಹತ್ತಿರ ಇರಬಾರದು. ಹಾಗಿದ್ದರೆ ಗೆರೆ ಕೂದಲೆಳೆಯಷ್ಟು ಸರಿದರೂ ಕೂಡುವ ಜಾಗ ದೂರ ಹೋಗಿಬಿಡುತ್ತದೆ.

ಒಳಗಿನ ಅಂಚಿಗೂ ಇದನ್ನೇ ಮಾಡಿ ಇನ್ನೊಂದು ನಡುಬಿಂದು ತೆಗೆಯಿರಿ. ಎರಡರ ನಡುವೆ 1 ಮಿಲಿಮೀಟರ್ ವ್ಯತ್ಯಾಸ ಬಂದರೆ ಕೈಬರಹಕ್ಕೆ ಅದು ಸಹಜ. 5–6 ಬಂದರೆ ನಿಲ್ಲಿ. ಒಂದೋ ದೀಪದ ಅಂಚಿಗೆ ಗೆರೆ ತಾಗಿಸಿದ್ದೀರಿ, ಇಲ್ಲವೇ ಈ ಅಕ್ಷರಕ್ಕೆ ಅರ್ಧ ಸುತ್ತಿನ ಸಮತೆಯೇ ಇಲ್ಲ.

ತುಂಡನ್ನು ತಿರುಗಿಸಿ ಕೂರಿಸುವುದು

ಮರೆಯಾದದ್ದು 3ರಿಂದ 5. ಅದರ ಎದುರು ಇರುವುದು 9ರಿಂದ 11. ಅದೃಷ್ಟಕ್ಕೆ ತಲೆಕಟ್ಟು ಕೂಡುವ ಜಾಗ 11ರ ಆಚೆಗಿದೆ. ಎಡಭಾಗದ ಈ ತುಂಡನ್ನು, ಎರಡೂ ಕಡೆ ಸ್ವಲ್ಪ ಜಾಸ್ತಿಯೇ ಸೇರಿಸಿಕೊಂಡು, ನಕಲು ಮಾಡಿ. ನಕಲಿನ ಮೇಲೆ ಎರಡನೇ ಸಲ ಕ್ಲಿಕ್ ಮಾಡಿದರೆ ಮಧ್ಯದಲ್ಲಿ ಒಂದು ಪುಟ್ಟ ಪ್ಲಸ್ ಗುರುತು ಕಾಣುತ್ತದೆ. ಅದನ್ನು ಎಳೆದು ನಮ್ಮ ನಡುಬಿಂದುವಿನ ಮೇಲೆ ಇಡಿ. ಆಮೇಲೆ Ctrl ಒತ್ತಿ ಹಿಡಿದು, ಮೂಲೆಯ ಬಾಣದಿಂದ 180 ಡಿಗ್ರಿ ತಿರುಗಿಸಿ.

ತುಂಡು ಖಾಲಿ ಜಾಗಕ್ಕೆ ಬಂದು ಕೂರುತ್ತದೆ. ಎರಡು ತುದಿಗಳಲ್ಲೂ ಹಳೆಯ ಗೆರೆಯ ಜೊತೆ ಸ್ವಲ್ಪ ಹೆಚ್ಚುಕಮ್ಮಿ ಇದ್ದೇ ಇರುತ್ತದೆ. ನಮ್ಮದರಲ್ಲಿ 3ರ ಬಳಿ ಏನೂ ಇರಲಿಲ್ಲ, 5ರ ಬಳಿ 1.5 ಮಿಲಿಮೀಟರ್ ಹೊರಗಿತ್ತು. ಇಂಥ ಕಡೆ ತುದಿಯನ್ನು ಮಾತ್ರ ಒಳಗೆ ಎಳೆದರೆ ಅಲ್ಲಿ ಮೊಣಕೈ ಮೂಡುತ್ತದೆ. ಅದರ ಬದಲು ಬಾಗನ್ನು ತಿದ್ದುವ ಹಿಡಿಗಳಾದ ತುಂಡಿನ ಹ್ಯಾಂಡಲ್‌ಗಳನ್ನು ಹೊಂದಿಸಿ, ವ್ಯತ್ಯಾಸವನ್ನು 3ರಿಂದ 5ರವರೆಗೂ ಹಂಚಿಬಿಡಿ. ಕಾಣುವ ಹಳೆಯ ಅಂಚನ್ನು ಮಾತ್ರ ಮುಟ್ಟಬೇಡಿ. ಅದು ನಮಗೆ ಸಿಕ್ಕಿರುವ ಒಂದೇ ಒಂದು ನಿಜ.

ಕತ್ತರಿಸುವವರಿಗೆ ಕೊಡುವ ಪ್ರತಿಯಲ್ಲಿ ತುಂಡನ್ನೂ ಹಳೆಯ ಗೆರೆಯನ್ನೂ Ctrl+K ಒತ್ತಿ ಒಂದಾಗಿಸಿ, ಕೂಡುವ ನೋಡ್‌ಗಳನ್ನು, ಅಂದರೆ ಗೆರೆಯ ತುದಿಯ ಬಿಂದುಗಳನ್ನು, ಆರಿಸಿ Shift+J ಒತ್ತಿ ಬೆಸೆಯಿರಿ. ಆಮೇಲೆ Shift+S ಒತ್ತಿದರೆ ಎರಡು ಬದಿಯ ಹ್ಯಾಂಡಲ್‌ಗಳು ಒಂದೇ ನೇರಕ್ಕೆ ಬರುತ್ತವೆ. ತುಂಬಿದ ಭಾಗದ ಮಧ್ಯದಲ್ಲಿ ಹೆಚ್ಚುವರಿ ನೋಡ್ ಬೇಡ. ಪ್ರತಿ ನೋಡ್ ಒಂದು ಉಬ್ಬಿಗೆ ಅವಕಾಶ, ಸನ್‌ಬೋರ್ಡ್ ಕತ್ತರಿಸುವ ಯಂತ್ರ ಅದನ್ನು ನಿಷ್ಠೆಯಿಂದ ಕತ್ತರಿಸಿಕೊಡುತ್ತದೆ. ಒಳಗಿನ ಅಂಚಿಗೂ ಇದೇ ಕ್ರಮ. ಕೊನೆಗೆ 4 ಗಂಟೆಯ ದಪ್ಪ ಅಳೆಯಿರಿ. ನಮಗೆ 19.5 ಬಂತು.

ಸರಿಯೇ ಎಂದು ಪರೀಕ್ಷಿಸುವುದು

ಚೆನ್ನಾಗಿ ಕಾಣುತ್ತಿದೆ ಅಂತ ಸುಮ್ನೆ ಬಿಡಬೇಡಿ. ಚೆನ್ನಾಗಿ ಕಾಣುವ ತಪ್ಪು ಬಾಗುಗಳು ಬೇಕಾದಷ್ಟಿವೆ. ಕಾಣುವ ಒಂದು ಜಾಗವನ್ನು ನೀವೇ ಮುಚ್ಚಿ. 7ರಿಂದ 8ರವರೆಗಿನ ಭಾಗ ಇಲ್ಲ ಅಂದುಕೊಂಡು, 1ರಿಂದ 2ರವರೆಗಿನ ತುಂಡನ್ನು ಅದೇ ನಡುಬಿಂದುವಿನ ಸುತ್ತ ತಿರುಗಿಸಿ ತುಂಬಿ. ಆಮೇಲೆ ಮುಚ್ಚಿದ್ದನ್ನು ತೆಗೆದು, ನಿಜವಾದ ಅಂಚಿಗೂ ನಿಮ್ಮದಕ್ಕೂ ಎಷ್ಟು ಅಂತರ ಎಂದು ಅಳೆಯಿರಿ. ನಮಗೆ ಅತಿ ಹೆಚ್ಚೆಂದರೆ 1.2 ಮಿಲಿಮೀಟರ್ ಬಂತು. ದೀಪದ ಹಿಂದೆಯೂ ಹೆಚ್ಚುಕಡಿಮೆ ಅಷ್ಟೇ ತಪ್ಪಿರಬಹುದು ಎಂದು ಲೆಕ್ಕ ಹಾಕಬಹುದು. ವೇದಿಕೆಯ ಬೋರ್ಡ್‌ನಲ್ಲಿ ಉಂಗುರ 60 ಸೆಂಟಿಮೀಟರ್ ಅಗಲ. ಅಲ್ಲಿ ಇದು 4 ಮಿಲಿಮೀಟರ್ ಆಗುತ್ತದೆ. ಮೊದಲ ಸಾಲಿನಲ್ಲಿ ಕೂತವರ ಕಣ್ಣಿಗೂ ಬೀಳದು.

ಇನ್ನೊಂದು ಪರೀಕ್ಷೆಗೆ ಅಳತೆ ಬೇಡ. ಅಕ್ಷರಕ್ಕೆ ಕಪ್ಪು ತುಂಬಿ, ತಲೆಕೆಳಗು ಮಾಡಿ ನೋಡಿ. ‘ರ’ ಎಂದು ಓದುವ ಅಭ್ಯಾಸ ತಪ್ಪಿದ ಕೂಡಲೇ ಕಣ್ಣು ಬರೀ ಆಕಾರವನ್ನು ನೋಡುತ್ತದೆ. ಒಳಗಿನ ಬಿಳಿ ಜಾಗದಲ್ಲಿ ಎಲ್ಲಾದರೂ ಚಪ್ಪಟೆ ಇದ್ದರೆ ಆಗ ಸಿಕ್ಕಿಬೀಳುತ್ತದೆ.

ಈ ವಿಧಾನಕ್ಕೆ ಒಂದು ಮಿತಿ ಇದೆ. ಸಮತೆ ಬಾಗನ್ನು ತುಂಬಿಕೊಡುತ್ತದೆ, ಅಕ್ಷರ ಯಾವುದೆಂದು ಹೇಳುವುದಿಲ್ಲ. ದೀಪ ‘ದ’ದ ತಳವನ್ನು ಮುಚ್ಚಿದ್ದರೆ, ಅಡಿಯಲ್ಲಿ ಪುಟ್ಟ ಗೆರೆಯಿರುವ ‘ಧ’ ಅದಾಗಿತ್ತೋ ಏನೋ ಎಂಬುದು ಯಾವ ತಿರುಗಿಸುವಿಕೆಯಿಂದಲೂ ಗೊತ್ತಾಗದು. ಅದಕ್ಕೆ ಹಳೆಯ ಕರಪತ್ರವನ್ನೋ, ತಂಡದ ಹಿರಿಯರನ್ನೋ ಕೇಳಬೇಕು. ಬೇಕೆಂದೇ ಎಳೆದ ಬಾಲ, ಬ್ರಷ್ ಎತ್ತಿದ ಗುರುತು, ಇವೂ ಹಾಗೆಯೇ.

ಕತ್ತರಿಸುವವರಿಗೆ ಕೊಡುವ ಪ್ರತಿಯಲ್ಲಿ ಹೊರ ಅಂಚು, ಒಳ ಅಂಚು ಎರಡೂ ತುಂಡಿಲ್ಲದೆ ಮುಚ್ಚಿದ ಗೆರೆಗಳಾಗಿರಬೇಕು. ನೀವು ಇಟ್ಟುಕೊಳ್ಳುವ ಪ್ರತಿಯಲ್ಲಿ ಹಾಗೆ ಸೇರಿಸಬೇಡಿ. 3ರಿಂದ 5ರವರೆಗಿನ ತುಂಡನ್ನು ಬೇರೆ ಬಣ್ಣದಲ್ಲಿ, ಬೇರೆ ಲೇಯರ್‌ನಲ್ಲಿ, ‘ಮತ್ತೆ ಕಟ್ಟಿದ್ದು’ ಎಂದು ಹೆಸರು ಕೊಟ್ಟು ಉಳಿಸಿ. ನಾಳೆ ಯಾರದೋ ಮನೆಯ ಅಟ್ಟದಲ್ಲಿ ಮೂಲ ಚಿತ್ರ ಸಿಕ್ಕರೆ, ಬದಲಿಸಬೇಕಾದದ್ದು ಎಷ್ಟು ಎಂಬುದು ಆಗ ತಕ್ಷಣ ಗೊತ್ತಾಗುತ್ತದೆ.