ಸುಮ್ನೆ ಕೂತ ಸ್ಟಾಕ್‌ಗೆ ವರ್ಷಕ್ಕೆ ಎಷ್ಟು ಪರ್ಸೆಂಟ್ ಖರ್ಚು? ಲೆಕ್ಕ ಹಾಕುವುದು ಹೀಗೆ

ಗೋದಾಮಿನಲ್ಲಿ ಮಾಲು ಇಟ್ಟುಕೊಳ್ಳಲು ಏನು ಖರ್ಚು ಬರುತ್ತದೆ ಎಂದು ಕೇಳಿದರೆ ಹೆಚ್ಚಿನವರು ಬ್ಯಾಂಕ್ ಬಡ್ಡಿಯ ದರ ಹೇಳುತ್ತಾರೆ. ನಿಜವಾದ ಖರ್ಚು ಸಾಮಾನ್ಯವಾಗಿ ಅದಕ್ಕಿಂತ ಜಾಸ್ತಿ ಇರುತ್ತದೆ. ಬಡ್ಡಿ, ಜಾಗ, ವಿಮೆ, ಮಾಲು ಹಳತಾಗಿ ಆಗುವ ನಷ್ಟ ಎಲ್ಲವನ್ನೂ ಕೂಡಿ, ಸ್ಟಾಕ್‌ನ ಮೌಲ್ಯದ ಶೇಕಡಾವಾರು ಲೆಕ್ಕದಲ್ಲಿ ಹೇಳಬೇಕು. ಪುಸ್ತಕಗಳಲ್ಲಿ ಶೇ 20ರಿಂದ 30 ಎಂಬ ಅಂದಾಜು ಸಿಗುತ್ತದೆ. ಅದನ್ನು ಹಾಗೇ ಎತ್ತಿಕೊಳ್ಳಬೇಡಿ, ನಿಮ್ಮದೇ ಅಂಕಿ ತೆಗೆಯಿರಿ.

ಯಂತ್ರಗಳ ಬಿಡಿಭಾಗ ಮಾರುವ ಒಬ್ಬ ಸಗಟು ವ್ಯಾಪಾರಿಯ ಲೆಕ್ಕವನ್ನು ಉದಾಹರಣೆಗೆ ನೋಡೋಣ. ಅವರ ಬಳಿ ಎರಡು ಬಗೆಯ ಮಾಲಿದೆ: ಬೇರಿಂಗ್ ಮತ್ತು ಬೆಲ್ಟ್ ಒಂದು ಕಡೆ, ಎಲೆಕ್ಟ್ರಾನಿಕ್ ಕಂಟ್ರೋಲ್ ಬೋರ್ಡ್ ಇನ್ನೊಂದು ಕಡೆ. ಅಂಕಿಗಳು ಲೆಕ್ಕಕ್ಕಾಗಿ ಇಟ್ಟುಕೊಂಡವು.

ಹಂತ 1: ಸರಾಸರಿ ಸ್ಟಾಕ್ ಹಿಡಿಯಿರಿ

ವರ್ಷದ ಕೊನೆಯ ಸ್ಟಾಕ್ ನಂಬಬೇಡಿ. ಲೆಕ್ಕ ಮುಗಿಸುವ ಹೊತ್ತಿಗೆ ಎಲ್ಲರೂ ಮಾಲು ಖಾಲಿ ಮಾಡುತ್ತಾರೆ, ಅಲ್ವಾ? ನಮ್ಮ ವ್ಯಾಪಾರಿಯ ಬಳಿ ವರ್ಷದ ಕೊನೆಗೆ ಇದ್ದದ್ದು 30 ಲಕ್ಷದ ಮಾಲು. ಪ್ರತಿ ತಿಂಗಳ ಕೊನೆಯ ಅಂಕಿ ತೆಗೆದು ಸರಾಸರಿ ಮಾಡಿದರೆ 40 ಲಕ್ಷ ಬಂತು. 30 ಲಕ್ಷದಿಂದ ಭಾಗಿಸಿದ್ದರೆ ಶೇಕಡಾ ಲೆಕ್ಕ ಸುಳ್ಳೇ ಉಬ್ಬುತ್ತಿತ್ತು. ಮೌಲ್ಯ ಹಾಕುವಾಗ ಖರೀದಿ ಬೆಲೆ ಹಿಡಿಯಬೇಕು, ಮಾರುವ ಬೆಲೆ ಅಲ್ಲ. ಲಾಭ ಇನ್ನೂ ಕೈಗೆ ಬಂದಿಲ್ಲ.

ಹಂತ 2: ಹಣದ ಖರ್ಚು

40 ಲಕ್ಷದಲ್ಲಿ ಶೇ 60ರಷ್ಟು ಬ್ಯಾಂಕಿನ ಸಾಲ, ಬಡ್ಡಿ ಶೇ 11. ಉಳಿದ ಶೇ 40 ಸ್ವಂತ ದುಡ್ಡು. ಸ್ವಂತ ದುಡ್ಡಿಗೆ ಬಡ್ಡಿ ಇಲ್ಲವೆಂದು ಬಿಟ್ಟುಬಿಡುವವರೇ ಜಾಸ್ತಿ. ಆದರೆ ಅದೇ ಹಣವನ್ನು ವ್ಯಾಪಾರದ ಬೇರೆ ಕೆಲಸಕ್ಕೆ ಹಾಕಿದ್ದರೆ ಎಷ್ಟು ಬರುತ್ತಿತ್ತು ಎಂದು ಕೇಳಿಕೊಳ್ಳಬೇಕು. ಇವರ ಅಂದಾಜು ಶೇ 16. ಎರಡನ್ನೂ ಅವುಗಳ ಪಾಲಿನಂತೆ ಕೂಡಿದರೆ 6.6 ಮತ್ತು 6.4, ಒಟ್ಟು ಶೇ 13. ಅಂದರೆ ವರ್ಷಕ್ಕೆ 5.2 ಲಕ್ಷ.

ಹಂತ 3: ಜಾಗದ ಖರ್ಚು

ಇಲ್ಲಿ ಒಂದೇ ಪ್ರಶ್ನೆ ಸಾಕು: ಸ್ಟಾಕ್ ಕಡಿಮೆ ಮಾಡಿದರೆ ಈ ಬಿಲ್ ಇಳಿಯುತ್ತದೆಯೇ? ಮುಖ್ಯ ಗೋದಾಮಿನ ಬಾಡಿಗೆ 2.4 ಲಕ್ಷ, ಮೂರು ವರ್ಷದ ಕರಾರು. ಅರ್ಧ ಖಾಲಿ ಬಿದ್ದರೂ ಅಷ್ಟೇ ಕಟ್ಟಬೇಕು, ಬೇರೆಯವರಿಗೆ ಒಳಬಾಡಿಗೆಗೆ ಕೊಡುವ ಹಾಗೂ ಇಲ್ಲ. ಹಾಗಾಗಿ ಸದ್ಯಕ್ಕೆ ಅದು ಲೆಕ್ಕದಿಂದ ಹೊರಗೆ. ಒಳಬಾಡಿಗೆಗೆ ಕೊಡಬಹುದಿದ್ದರೆ, ಅದರಿಂದ ಬರಬಹುದಾದ ಹಣವನ್ನು ಇಲ್ಲಿ ಸೇರಿಸಲೇಬೇಕಿತ್ತು. ಜಾಸ್ತಿ ಮಾಲಿಗೆಂದು ಹಿಡಿದ ಹೆಚ್ಚುವರಿ ಶೆಡ್‌ಗೆ 90 ಸಾವಿರ, ಮಾಲು ಎತ್ತಿಡಲು, ಎಣಿಸಲು ಕೂಲಿ 30 ಸಾವಿರ. ಒಟ್ಟು 1.2 ಲಕ್ಷ, ಅಂದರೆ ಶೇ 3. ಕರಾರು ಮುಗಿಯುವ ವರ್ಷ ಈ ಹಂತವನ್ನು ಹೊಸದಾಗಿ ಮಾಡಬೇಕು.

ಹಂತ 4: ವಿಮೆ ಮತ್ತು ಸೋರಿಕೆ

ವಿಮೆಯ ಕಂತು 20 ಸಾವಿರ, ಶೇ 0.5. ಕಳವು, ಒಡೆದದ್ದು, ಎಣಿಕೆಯಲ್ಲಿ ಕಾಣದ್ದು ಸೇರಿ ಇನ್ನು 20 ಸಾವಿರ, ಅದೂ ಶೇ 0.5. ಕಂತು ಉಳಿಸಲು ಸ್ಟಾಕ್‌ನ ಮೌಲ್ಯ ಕಡಿಮೆ ತೋರಿಸುವ ಚಾಳಿ ಬೇಡ. ಬಹಳಷ್ಟು ಪಾಲಿಸಿಗಳಲ್ಲಿ, ಅರ್ಧ ಮೌಲ್ಯಕ್ಕೆ ಮಾತ್ರ ವಿಮೆ ಮಾಡಿಸಿದ್ದರೆ ಆದ ನಷ್ಟದಲ್ಲೂ ಅರ್ಧವೇ ಸಿಗುತ್ತದೆ.

ಹಂತ 5: ಹಳತಾದ ಮಾಲಿನ ನಷ್ಟ

ಲೆಕ್ಕ ತಪ್ಪುವುದು ಹೆಚ್ಚಾಗಿ ಇಲ್ಲೇ. ಯಾಕೆಂದರೆ ಇದಕ್ಕೆ ಯಾರೂ ಬಿಲ್ ಕಳಿಸುವುದಿಲ್ಲ. ಹಳೆ ಮಾದರಿಯ ಬೋರ್ಡ್ ಶೆಲ್ಫ್‌ನಲ್ಲಿ ಹೊಸದರಂತೆಯೇ ಕಾಣುತ್ತದೆ, ಪುಸ್ತಕದಲ್ಲಿ ಪೂರ್ತಿ ಬೆಲೆಗೇ ನಿಂತಿರುತ್ತದೆ. ಕೇಳುವವರು ಮಾತ್ರ ಇರುವುದಿಲ್ಲ.

ಮೊದಲು, ಒಂದು ವರ್ಷದಿಂದ ಒಂದೂ ಮಾರಾಟವಾಗದ ಮಾಲಿನ ಪಟ್ಟಿ ತೆಗೆಯಿರಿ. ಒಂದೊಂದನ್ನೂ ಈಗ ಮಾರಿದರೆ ಎಷ್ಟು ಸಿಗಬಹುದು ಎಂದು ಬರೆಯಿರಿ. ಖರೀದಿ ಬೆಲೆಯಿಂದ ಅದನ್ನು ಕಳೆದರೆ ಒಳಗೇ ಅಡಗಿರುವ ನಷ್ಟ ಸಿಗುತ್ತದೆ. ನಮ್ಮ ವ್ಯಾಪಾರಿಗೆ ಅದು 3 ಲಕ್ಷ.

ಈ 3 ಲಕ್ಷವನ್ನು ಹಾಗೇ ಈ ವರ್ಷದ ಖರ್ಚಿಗೆ ಹಾಕಿದರೆ ತಪ್ಪು. ಅದು ಹಲವು ವರ್ಷಗಳಿಂದ ಕೂಡಿಬಂದದ್ದು. ಹಿಂದಿನ ವರ್ಷದ ಕೊನೆಗೆ ಇದೇ ಪಟ್ಟಿಯಲ್ಲಿ 2.2 ಲಕ್ಷ ಇತ್ತು, ಹಾಗಾಗಿ ಈ ವರ್ಷ ಸೇರಿದ್ದು 80 ಸಾವಿರ. ಇದರ ಜೊತೆಗೆ, ವರ್ಷದಲ್ಲಿ 1.5 ಲಕ್ಷದ ಹಳೆ ಮಾಲನ್ನು 50 ಸಾವಿರಕ್ಕೆ ತೆಗೆದುಹಾಕಿದ್ದಾರೆ, ಅಲ್ಲಿ 1 ಲಕ್ಷ ಹೋಯಿತು. ಎರಡೂ ಸೇರಿ 1.8 ಲಕ್ಷ, ಶೇ 4.5.

ಹಂತ 6: ಕೂಡಿಸಿ, ಆಮೇಲೆ ಒಡೆಯಿರಿ

13, 3, 0.5, 0.5, 4.5. ಒಟ್ಟು ಶೇ 21.5. ವರ್ಷಕ್ಕೆ 8.6 ಲಕ್ಷ.

ಇಲ್ಲಿಗೇ ನಿಲ್ಲಿಸಿದರೆ ಅಂಕಿ ಸರಿ, ಆದರೆ ಅದನ್ನು ನಂಬಿ ಖರೀದಿ ಮಾಡಿದರೆ ದಾರಿ ತಪ್ಪುತ್ತದೆ. 40 ಲಕ್ಷದಲ್ಲಿ ಬೇರಿಂಗ್, ಬೆಲ್ಟ್ 28 ಲಕ್ಷ, ಬೋರ್ಡ್ 12 ಲಕ್ಷ. ಹಳತಾದ ನಷ್ಟ 1.8 ಲಕ್ಷದಲ್ಲಿ 1.5 ಲಕ್ಷ ಬೋರ್ಡ್‌ನದ್ದೇ! ಉಳಿದ ಶೇ 17 ಎರಡಕ್ಕೂ ಒಂದೇ ಎಂದಿಟ್ಟುಕೊಂಡರೆ ಬೇರಿಂಗ್ ಗುಂಪಿಗೆ ಸುಮಾರು ಶೇ 18, ಬೋರ್ಡ್‌ಗೆ ಶೇ 29.5. ನಿಜ ಹೇಳಬೇಕೆಂದರೆ ಬೋರ್ಡ್ ಕಡಿಮೆ ಜಾಗ ಹಿಡಿಯುತ್ತದೆ, ಹಾಗಾಗಿ ಅದರ ಗೋದಾಮಿನ ಪಾಲು ಸ್ವಲ್ಪ ಇಳಿಯುತ್ತದೆ. ಆದರೂ ಎರಡರ ನಡುವಿನ ಅಂತರ ದೊಡ್ಡದಾಗಿಯೇ ಉಳಿಯುತ್ತದೆ.

ಹಂತ 7: ಖರೀದಿಗೆ ಹಚ್ಚಿ ನೋಡಿ

ಬೋರ್ಡ್ ಕಂಪನಿಯವರು ಬಂದು, ಆರು ತಿಂಗಳ ಮಾಲು ಒಮ್ಮೆಗೇ ತಗೊಂಡರೆ ಶೇ 3 ರಿಯಾಯಿತಿ ಎನ್ನುತ್ತಾರೆ. ತಿಂಗಳಿಗೆ 1 ಲಕ್ಷದ ಬೋರ್ಡ್ ಖರ್ಚಾಗುತ್ತದೆ. 6 ಲಕ್ಷಕ್ಕೆ 18 ಸಾವಿರ ಉಳಿತಾಯ.

ತಿಂಗಳು ತಿಂಗಳು ತರಿಸಿದರೆ ಸರಾಸರಿ ಅರ್ಧ ತಿಂಗಳ ಮಾಲು ಕೈಯಲ್ಲಿರುತ್ತದೆ. ಒಮ್ಮೆಗೇ ತರಿಸಿದರೆ ಸರಾಸರಿ ಮೂರು ತಿಂಗಳದ್ದು. ಅಂದರೆ ಹೆಚ್ಚುವರಿ ಸ್ಟಾಕ್ 2.5 ಲಕ್ಷ, ಅದೂ ಅರ್ಧ ವರ್ಷ. ಬ್ಯಾಂಕಿನ ಶೇ 11 ಮಾತ್ರ ಹಿಡಿದರೆ ಖರ್ಚು 13,750. ಒಪ್ಪಂದ ಲಾಭದ್ದೇ ಎನಿಸುತ್ತದೆ. ಶೇ 29.5 ಹಿಡಿದರೆ 36,875. ರಿಯಾಯಿತಿ ಪಡೆದೂ 18,875 ನಷ್ಟ.

ಆರು ಆರ್ಡರ್ ಬದಲು ಒಂದೇ ಆರ್ಡರ್ ಆದರೆ ಐದು ಸಲದ ಸಾಗಣೆ, ಕಾಗದಪತ್ರದ ಖರ್ಚು ಉಳಿಯುತ್ತದೆ, ಅದನ್ನೂ ಬಿಡಬಾರದು. ಒಂದು ಆರ್ಡರ್‌ಗೆ 3,775ಕ್ಕಿಂತ ಜಾಸ್ತಿ ಬೀಳುತ್ತಿದ್ದರೆ ಮಾತ್ರ ಬೋರ್ಡ್‌ಗೆ ಈ ಒಪ್ಪಂದ ಗಿಟ್ಟುತ್ತದೆ. ಇದೇ ರಿಯಾಯಿತಿಯನ್ನು ಅಷ್ಟೇ ಮೊತ್ತದ ಬೇರಿಂಗ್‌ಗೆ ಕೊಟ್ಟರೆ ಶೇ 18ರ ಲೆಕ್ಕದಲ್ಲಿ ಇಟ್ಟುಕೊಳ್ಳುವ ಖರ್ಚು 22,500. ಕೊರತೆ 4,500 ಮಾತ್ರ. ಒಂದು ಆರ್ಡರ್‌ಗೆ 900 ಮೀರಿದರೆ ಸಾಕು, ಕಣ್ಣುಮುಚ್ಚಿ ತಗೊಳ್ಳಬಹುದು.

ಒಂದು ಎಚ್ಚರಿಕೆ ಬಾಕಿ ಇದೆ. ಬೋರ್ಡ್‌ನ ನಷ್ಟ ತಿಂಗಳಿಗೆ ಇಷ್ಟಿಷ್ಟು ಎಂದು ಬರುವುದಿಲ್ಲ. ಹೊಸ ಮಾದರಿ ಬಂದ ವಾರವೇ ಒಟ್ಟಿಗೆ ಬಂದು ಬೀಳುತ್ತದೆ. ಶೇ 29.5 ಎಂಬುದು ಹಲವು ಮಾದರಿಗಳ ಸರಾಸರಿ ಅಷ್ಟೇ. ಹಳೆ ಮಾದರಿ ನಿಲ್ಲುತ್ತದೆ ಎಂಬ ಸುದ್ದಿ ಕಂಪನಿಯಿಂದಲೇ ಬಂದಿದ್ದರೆ ಆ ಬೋರ್ಡ್‌ಗೆ ಪರ್ಸೆಂಟ್ ಲೆಕ್ಕ ಬದಿಗಿಡಿ. ಇನ್ನು ಎಷ್ಟು ಗಿರಾಕಿಗಳ ಯಂತ್ರದಲ್ಲಿ ಅದು ಓಡುತ್ತಿದೆ ಎಂದು ಎಣಿಸಿ, ಅಷ್ಟಕ್ಕೆ ಮಾತ್ರ ಆರ್ಡರ್ ಹಾಕಿ.